ಹಳೇ ಬರಹ: ಇಡೋದಾ, ಕೂಡಿಸೋದಾ, ತಿದ್ದೋದಾ, ತೆಗೆಯೋದಾ?

ಹೋದ ವರ್ಷ ಒಂದು ಬೆಳಿಗ್ಗೆ ಕಲಬುರಗಿ ಸ್ಟೇಷನ್ನಿನಿಂದ ಫೋನ್ ಬಂತು. ದನಿ ವಯಸ್ಸಾದವರದು. “ಸರ್, ನಿಮ್ಮ ಸೈಟಿನ್ಯಾಗ ಟೈಮ್ ನೋಡಿಕೊಂಡು ಬೀದರ್ ಗಾಡಿಗಿ ಬಂದೀನ್ರಿ. ಇಲ್ಲಿ ಕೇಳಿದ್ರ ಈ ಹೊತ್ತಿಗಿ ಗಾಡೀನೇ ಇಲ್ಲ ಅಂತಾರ. ನೀವು ಬರ್ದಿದ್ದು ಖರೇನೋ, ಇವರು ಹೇಳೋದು ಖರೇನೋ?” ಅವರು ನೋಡಿದ್ದು ನಾನು 2019ರಲ್ಲಿ ಹಾಕಿದ್ದ ವೇಳಾಪಟ್ಟಿ. ಅದಾದ ಮೇಲೆ ವೇಳೆ ಬದಲಾಗಿತ್ತು, ನಾನು ಆ ಪುಟ ತೆರೆದೇ ನೋಡಿರಲಿಲ್ಲ. “ಅವರು ಹೇಳೋದೇ ಖರೇ ಅದರಿ, ನಂದೇ ತಪ್ಪಾಗ್ಯಾದ” ಎಂದೆ. ಮೊಮ್ಮಗಳನ್ನು ಕಂಕುಳಲ್ಲಿ ಎತ್ತಿಕೊಂಡೇ ಅವರು ಬಸ್ ಸ್ಟ್ಯಾಂಡಿಗೆ ಹೋಗಬೇಕಾಯಿತು. ಆ ವಾರವೇ ನಾನು ನಮ್ಮ ತಾಣದ ಎಲ್ಲ ಹಳೇ ಬರಹಗಳನ್ನು ಒಂದೊಂದಾಗಿ ತೆಗೆದು ನೋಡಲು ಕುಳಿತೆ.

ಕಲಬುರಗಿ, ಬೀದರ್, ಯಾದಗಿರಿ ಮೂರು ಜಿಲ್ಲೆಗಳ ಊರು, ಪ್ರಯಾಣ, ಜಾತ್ರೆ, ತೊಗರಿ, ಸರ್ಕಾರಿ ಯೋಜನೆಗಳ ಬಗ್ಗೆ 2010ರಿಂದ ಬರೆಯುತ್ತಾ ಬಂದಿದ್ದೇನೆ. ಎಣಿಸಿದಾಗ 412 ಬರಹಗಳಿದ್ದವು. ಇದೇ ಪಾಡು ಪಡುತ್ತಿರುವ ಹಲವರು ಈಚೆಗೆ ಕೇಳುವುದು ಒಂದೇ ಪ್ರಶ್ನೆ: ಹಳೇದನ್ನು ಹಾಗೇ ಇಡಬೇಕೋ, ಎರಡು ಮೂರನ್ನು ಕೂಡಿಸಬೇಕೋ, ತಿದ್ದಬೇಕೋ, ತೆಗೆದೇ ಹಾಕಬೇಕೋ? ಇದಕ್ಕೆ ಕಂಟೆಂಟ್ ಆಡಿಟ್ ಎನ್ನುತ್ತಾರೆ. ನಾಲ್ಕು ದಾರಿಗೂ ಅದರದರ ಖರ್ಚಿದೆ, ಅದರದರ ಅಪಾಯವಿದೆ. ಮೊದಲು ಯಾವುದರಿಂದ ಅಳೆಯಬೇಕು ಎಂಬುದನ್ನು ಹೇಳುತ್ತೇನೆ.

ಅಳತೆಗೋಲು

ಬಹಳ ಜನ ಎರಡೇ ಎರಡು ನೋಡುತ್ತಾರೆ: ಬರಹಕ್ಕೆ ಎಷ್ಟು ವಯಸ್ಸಾಯಿತು, ಎಷ್ಟು ಕ್ಲಿಕ್ ಬಂತು. ಇವೆರಡನ್ನೇ ಹಿಡಿದು ಹೊರಟರೆ ತಪ್ಪುವುದು ಖಂಡಿತ. ನಾನು ಮೊದಲು ಕೇಳುವ ಪ್ರಶ್ನೆ ಬೇರೆ. ಈ ಬರಹ ದಾರಿ ಹೇಳುವುದೋ, ದಾಖಲೆಯೋ?

ದಾರಿ ಹೇಳುವ ಬರಹವನ್ನು ಓದಿ ಜನ ಏನಾದರೂ ಮಾಡುತ್ತಾರೆ. ಗಾಡಿ ಹಿಡಿಯುತ್ತಾರೆ, ಅರ್ಜಿ ಹಾಕುತ್ತಾರೆ, ಬಿತ್ತುತ್ತಾರೆ. ಅದು ಇವತ್ತಿಗೆ ನಿಜವಾಗಿರಬೇಕು. ದಾಖಲೆ ಹಾಗಲ್ಲ. ಅಂದು ಹೀಗಾಯಿತು ಎಂದು ಹೇಳುವುದು ಅದರ ಕೆಲಸ, ಬರೆದ ದಿನಕ್ಕೆ ನಿಜವಾಗಿದ್ದರೆ ಸಾಕು. 2017ರ ಅಕ್ಟೋಬರ್ 29ರಂದು ಬೀದರ್-ಕಲಬುರಗಿ ರೈಲು ಮಾರ್ಗ ಉದ್ಘಾಟನೆಯಾದ ವರದಿ ದಾಖಲೆ. ಆ ರೈಲು ಎಷ್ಟು ಗಂಟೆಗೆ ಎಂಬುದು ದಾರಿ. ಎರಡೂ ರೈಲಿನ ಬಗ್ಗೆಯೇ ಇದ್ದರೂ ಒಂದನ್ನು ಮುಟ್ಟಬಾರದು, ಇನ್ನೊಂದನ್ನು ಮುಟ್ಟದೇ ಬಿಡಬಾರದು.

ಇದು ತೀರ್ಮಾನವಾದ ಮೇಲೆ ಉಳಿದವನ್ನು ನೋಡಬೇಕು. ಒಳಗಿನ ಮಾತು ಇಂದಿಗೂ ನಿಜವೇ? ಇದೇ ಕೆಲಸ ಮಾಡುವ ಇನ್ನೊಂದು ಬರಹ ನಮ್ಮಲ್ಲೇ ಇದೆಯೇ? ಯಾರು ಬರುತ್ತಾರೆ, ಎಲ್ಲಿಂದ ಬರುತ್ತಾರೆ, ಬೇರೆ ಯಾರಾದರೂ ಇದಕ್ಕೆ ಲಿಂಕ್ ಕೊಟ್ಟಿದ್ದಾರೆಯೇ? ಕೊನೆಯದು, ಇದನ್ನು ಸರಿಮಾಡಲು ನನಗೆ ಎಷ್ಟು ಹೊತ್ತು ಬೇಕು?

ಎಕ್ಸೆಲ್ ಶೀಟಿನಲ್ಲಿ ಸಾಲಿಗೊಂದು ಬರಹ ಇಟ್ಟುಕೊಳ್ಳಿ. ವಿಳಾಸ, ತಲೆಬರಹ, ಬರೆದ ತಾರೀಖು, ಕ್ಲಿಕ್, ಹೊರಗಿನ ಲಿಂಕ್, ದಾರಿಯೋ ದಾಖಲೆಯೋ, ತೀರ್ಮಾನ. ಇಷ್ಟು ಕಾಲಂ ಸಾಕು. ಇಪ್ಪತ್ತು ಕಾಲಂ ಮಾಡಿಕೊಂಡವರು ಶೀಟ್ ತುಂಬುವುದರಲ್ಲೇ ದಣಿದು, ಒಂದು ಬರಹವನ್ನೂ ಮುಟ್ಟದೇ ಬಿಟ್ಟದ್ದನ್ನು ನೋಡಿದ್ದೇನೆ.

ಕ್ಲಿಕ್ಕಿನ ಲೆಕ್ಕ ಎಲ್ಲಿ ಮೋಸ ಮಾಡುತ್ತದೆ

ಕ್ಲಿಕ್ ಲೆಕ್ಕ ಗೂಗಲ್ ಸರ್ಚ್ ಕನ್ಸೋಲಿನಲ್ಲಿ ಉಚಿತವಾಗಿ ಸಿಗುತ್ತದೆ. ಪರ್ಫಾರ್ಮೆನ್ಸ್ ವರದಿಯಲ್ಲಿ ಹಿಂದಿನ 16 ತಿಂಗಳ ಲೆಕ್ಕ ಇರುತ್ತದೆ, ಪುಟಗಳ ಪಟ್ಟಿಯನ್ನು ಒಮ್ಮೆಗೆ 1,000 ಸಾಲಿನವರೆಗೆ ಇಳಿಸಿಕೊಳ್ಳಬಹುದು. ತೆರೆದಾಗ ಅದು ತಾನಾಗಿ ತೋರಿಸುವುದು 3 ತಿಂಗಳ ಲೆಕ್ಕ. ಅದನ್ನೇ ನಂಬಿ ಕುಳಿತರೆ ನಮ್ಮ ಕಡೆಯ ಬರಹಗಳಿಗೆ ಅನ್ಯಾಯವಾಗುತ್ತದೆ. ಶರಣಬಸವೇಶ್ವರ ಜಾತ್ರೆಯ ತೇರಿನ ಬಗ್ಗೆ ಜನ ಹುಡುಕುವುದು ಹೋಳಿ ಹತ್ತಿರ ಬಂದಾಗ. ಆಗಸ್ಟಿನಲ್ಲಿ ಕುಳಿತು ಮೂರು ತಿಂಗಳ ಲೆಕ್ಕ ನೋಡಿದರೆ ಆ ಪುಟ ಸತ್ತೇ ಹೋದಂತೆ ಕಾಣುತ್ತದೆ. ಬಂದೇ ನವಾಜ್ ಉರುಸಿನದು ಇನ್ನೂ ಬೇರೆ. ಅದು ಚಾಂದ್ರಮಾನದ ಹಿಜರಿ ತಿಂಗಳಿನ ಪ್ರಕಾರ ನಡೆಯುವುದರಿಂದ ನಮ್ಮ ಕ್ಯಾಲೆಂಡರಿನಲ್ಲಿ ವರ್ಷಕ್ಕೆ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತಾ ಬರುತ್ತದೆ. ಹೋದ ವರ್ಷದ ಅದೇ ತಿಂಗಳ ಜೊತೆ ಹೋಲಿಸಿದರೂ ಲೆಕ್ಕ ತಪ್ಪಬಹುದು. ಹಾಗಾಗಿ 16 ತಿಂಗಳನ್ನೂ ತೆಗೆದುಕೊಳ್ಳಿ.

ಇನ್ನೊಂದು ಮೋಸವನ್ನು ನಾನು ತಡವಾಗಿ ಕಂಡುಕೊಂಡೆ. 2010, 2011ರ ನನ್ನ ಮೂವತ್ತೆಂಟು ಬರಹಗಳಿಗೆ ಕ್ಲಿಕ್ ಸೊನ್ನೆ. ಹುಡುಕಾಟದಲ್ಲಿ ಒಮ್ಮೆಯೂ ಕಾಣಿಸಿಕೊಂಡಿರಲಿಲ್ಲ. ಯಾರಿಗೂ ಬೇಡವಾದ ಬರಹಗಳೆಂದು ಅಳಿಸಲು ಹೊರಟಿದ್ದೆ. ತೆರೆದು ನೋಡಿದರೆ ಪರದೆಯ ಮೇಲೆ `PÀ£ÀßqÀ` ಎಂಬಂಥ ಅಕ್ಷರ. ಆಗ ನುಡಿ ಎಂಬ ತಂತ್ರಾಂಶದಲ್ಲಿ ಟೈಪ್ ಮಾಡಿ, ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡಿಗೆ ಬದಲಿಸದೇ ಹಾಗೇ ಅಂಟಿಸಿದ್ದೆ. ಆ ಫಾಂಟ್ ಇದ್ದ ನನ್ನ ಕಂಪ್ಯೂಟರಿನಲ್ಲಿ ಅದು ‘ಕನ್ನಡ’ ಎಂದು ಓದಿಸಿಕೊಳ್ಳುತ್ತಿತ್ತು. ಗೂಗಲ್ಲಿಗೂ ಮೊಬೈಲಿಗೂ ಅದು ಅರ್ಥವಿಲ್ಲದ ಗುರುತುಗಳ ಸಾಲು. ಅಂಥ ಪುಟಕ್ಕೆ ಸೊನ್ನೆ ಕ್ಲಿಕ್ ಬಂದರೆ ಅದರಿಂದ ಯಾವ ತೀರ್ಮಾನಕ್ಕೂ ಬರಲಾಗದು, ಏಕೆಂದರೆ ಅದು ಓದುಗರ ಮುಂದೆ ಒಮ್ಮೆಯೂ ನಿಂತೇ ಇಲ್ಲ.

ಅವನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತಂದೆ. ತಂದ ಮೇಲೆ ಕಣ್ಣಾಡಿಸುವುದು ಕಡ್ಡಾಯ. ನಡುವೆ ಇಂಗ್ಲಿಷ್ ಅಕ್ಷರದಲ್ಲಿದ್ದ ಪದಗಳನ್ನೂ ಪರಿವರ್ತಕ ನುಡಿಯ ಸಂಕೇತವೆಂದೇ ತಿಳಿದು ಕನ್ನಡ ಮಾಡಿಬಿಡುತ್ತದೆ. ಫೋಟೋ ಕಡತದ ಹೆಸರು, ಇಮೇಲ್, ಲಿಂಕ್ ಎಲ್ಲ ಕೆಡುತ್ತವೆ. ಅರ್ಕಾವೊತ್ತು ಇರುವ ಪದಗಳನ್ನು, ವಿಶೇಷವಾಗಿ ಊರು ಮತ್ತು ಮನುಷ್ಯರ ಹೆಸರುಗಳನ್ನು ಒಂದೊಂದಾಗಿ ನೋಡಬೇಕು. ಬರಹವೊಂದಕ್ಕೆ ನನಗೆ ಇಪ್ಪತ್ತು ನಿಮಿಷ ಹಿಡಿಯಿತು. ಆ ಮೂವತ್ತೆಂಟರಲ್ಲಿ ಬೀದರಿನ ಒಬ್ಬ ಬಿದರಿ ಕುಶಲಕರ್ಮಿಯ ಜೊತೆ ಅರ್ಧ ದಿನ ಕುಳಿತು ಬರೆದದ್ದೂ ಇತ್ತು. ಸತು ಮತ್ತು ತಾಮ್ರದ ಎರಕ, ಉಳಿಯಿಂದ ಕೊರೆದ ಗೆರೆಯಲ್ಲಿ ಬೆಳ್ಳಿ ತಂತಿ ಕೂರಿಸುವುದು, ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿದ ನೀರಿನಲ್ಲಿ ಅದ್ದಿದಾಗ ಲೋಹ ಕಪ್ಪಾಗಿ ಬೆಳ್ಳಿ ಮಾತ್ರ ಬಿಳಿಯಾಗಿ ಉಳಿಯುವುದು, ಎಲ್ಲವನ್ನೂ ಅವರು ತಮ್ಮ ಮಾತಿನಲ್ಲೇ ಹೇಳಿದ್ದರು. ಅವರು ಈಗಿಲ್ಲ. ಆ ಮಾತುಗಳು ಬೇರೆಲ್ಲೂ ಇಲ್ಲ.

ನಿಮ್ಮಲ್ಲೂ 2012ಕ್ಕಿಂತ ಹಿಂದಿನ ಕನ್ನಡ ಬರಹಗಳಿದ್ದರೆ, ಕ್ಲಿಕ್ ನೋಡುವ ಮೊದಲು ಅವನ್ನು ಫೋನಿನಲ್ಲಿ ತೆರೆದು ನೋಡಿ.

ಹಾಗೇ ಇಡುವುದು

ಖರ್ಚು ಅತಿ ಕಡಿಮೆ. ಒಂದು ಬರಹ ಓದಿ ನಿರ್ಧರಿಸಲು ನಾಲ್ಕೈದು ನಿಮಿಷ. ದಾಖಲೆಗಳೆಲ್ಲ ಇಲ್ಲಿಗೆ ಬರುತ್ತವೆ: ಸಂದರ್ಶನ, ಘಟನೆಯ ವರದಿ, ಊರಿನ ನೆನಪು. ಹಾಗೆಯೇ ಬದಲಾಗದ ವಿಷಯಗಳೂ ಬರುತ್ತವೆ. ಬೀದರಿನ ಮಹಮೂದ್ ಗಾವಾನನ ಮದರಸಾ ಬಗ್ಗೆ ಸರಿಯಾಗಿ ಬರೆದಿದ್ದರೆ ಅದು ಹತ್ತು ವರ್ಷಕ್ಕೆ ಹಳಸುವುದಿಲ್ಲ.

ಇಲ್ಲಿ ಎಡವುವುದು ಒಂದು ಕಡೆ. ದಾಖಲೆಯನ್ನು ಓದುಗರು ದಾರಿ ಎಂದು ತಿಳಿಯುವ ಸಾಧ್ಯತೆ ಇರುತ್ತದೆ. ರೈಲು ಉದ್ಘಾಟನೆಯ ವರದಿಯಲ್ಲಿ ಅಂದಿನ ವೇಳೆಯೂ ಇದೆ. ಅದನ್ನು ತಿದ್ದಿದರೆ ದಾಖಲೆ ಕೆಡುತ್ತದೆ, ಬಿಟ್ಟರೆ ಯಾರೋ ಸ್ಟೇಷನ್ನಿಗೆ ಹೋಗಿ ನಿಲ್ಲುತ್ತಾರೆ. ನಾನು ಮಾಡಿದ್ದು ಇಷ್ಟು: ಮೇಲೆ ಒಂದು ಸಾಲು, ‘ಇದು 2017ರ ನವೆಂಬರಿನಲ್ಲಿ ಬರೆದದ್ದು, ಈಗಿನ ಪ್ರಯಾಣದ ಮಾಹಿತಿ ಇಲ್ಲಿದೆ’ ಎಂದು ಲಿಂಕ್ ಕೊಟ್ಟೆ. ಒಳಗಿನ ಒಂದಕ್ಷರವನ್ನೂ ಮುಟ್ಟಲಿಲ್ಲ.

ತಿದ್ದುವುದು

ದಾರಿ ಹೇಳುವ ಬರಹ, ಜನ ಬರುತ್ತಿದ್ದಾರೆ, ಒಳಗಿನ ಮಾತು ಹಳಸಿದೆ ಎಂದರೆ ತಿದ್ದಬೇಕು. ಕನ್ಸೋಲಿನಲ್ಲಿ ಇಂಥವನ್ನು ಗುರುತಿಸುವುದು ಸುಲಭ. ಹುಡುಕಾಟದಲ್ಲಿ ಬಹಳ ಸಲ ಕಾಣಿಸಿಕೊಂಡಿರುತ್ತದೆ, ಸರಾಸರಿ ಸ್ಥಾನ 8ರಿಂದ 15ರ ನಡುವೆ ಇರುತ್ತದೆ, ಕ್ಲಿಕ್ ಮಾತ್ರ ಕಡಿಮೆ. ಜನ ಕೇಳುತ್ತಿದ್ದಾರೆ, ನಮ್ಮ ಉತ್ತರ ಸಾಲುತ್ತಿಲ್ಲ ಎಂದು ಇದರರ್ಥ. ನನಗೆ ಒಂದಕ್ಕೆ ಒಂದರಿಂದ ಎರಡು ಗಂಟೆ ಬೇಕಾಗುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಫೋನ್ ಮಾಡಿ ಖಚಿತ ಮಾಡಿಕೊಳ್ಳುವುದಕ್ಕೇ ಹೋಗುತ್ತದೆ.

ನಮ್ಮ ಭಾಗದಲ್ಲಿ ತಿದ್ದುವ ಕೆಲಸಕ್ಕೆ ಒಂದು ವಿಶೇಷ ತೊಡಕಿದೆ. ಈ ಹದಿನೈದು ವರ್ಷಗಳಲ್ಲಿ ನಮ್ಮ ಹೆಸರುಗಳೇ ಬದಲಾಗಿವೆ. ಗುಲ್ಬರ್ಗಾ 2014ರ ನವೆಂಬರ್ 1ರಿಂದ ಕಲಬುರಗಿಯಾಯಿತು. ಹೈದರಾಬಾದ್ ಕರ್ನಾಟಕ 2019ರಲ್ಲಿ ಕಲ್ಯಾಣ ಕರ್ನಾಟಕವಾಯಿತು. ಈಶಾನ್ಯ ಸಾರಿಗೆ ಕಲ್ಯಾಣ ಕರ್ನಾಟಕ ಸಾರಿಗೆಯಾಯಿತು. ರೈಲ್ವೆ ಸ್ಟೇಷನ್ನಿನ ಕೋಡ್ ಕೂಡ GR ಹೋಗಿ KLBG ಆಯಿತು. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆಯಾದ ಮೇಲೆ, ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಯ ಬಗ್ಗೆ ‘ಆರು ಜಿಲ್ಲೆಗಳಿಗೆ’ ಎಂದು ಬರೆದದ್ದೆಲ್ಲ ‘ಏಳು’ ಆಗಬೇಕು.

ಹಾಗಾದರೆ ಒಂದೇ ಏಟಿಗೆ ಹುಡುಕಿ ಬದಲಿಸಿಬಿಡೋಣ ಎನ್ನಿಸುತ್ತದೆ. ದಯವಿಟ್ಟು ಬೇಡ. ಗುಲ್ಬರ್ಗಾ ವಿಶ್ವವಿದ್ಯಾಲಯದ ಹೆಸರು ಇಂದಿಗೂ ಗುಲ್ಬರ್ಗಾ ವಿಶ್ವವಿದ್ಯಾಲಯವೇ. ಲೋಕಸಭಾ ಕ್ಷೇತ್ರದ ಅಧಿಕೃತ ಹೆಸರೂ ಗುಲ್ಬರ್ಗಾ. 1990ರಲ್ಲಿ ಯಾರೋ ಆಡಿದ ಮಾತಿನಲ್ಲಿ ‘ಕಲ್ಯಾಣ ಕರ್ನಾಟಕ’ ಎಂದು ಬಂದರೆ ಅದು ಸುಳ್ಳಾಗುತ್ತದೆ. ಜೊತೆಗೆ ಜನ ಇನ್ನೂ ಹಳೇ ಹೆಸರಿನಲ್ಲೇ ಹುಡುಕುತ್ತಾರೆ. ಅದನ್ನು ಪೂರ್ತಿ ಅಳಿಸಿದರೆ ಅವರಿಗೆ ನಮ್ಮ ಪುಟ ಸಿಗುವ ಸಾಧ್ಯತೆ ಕಡಿಮೆಯಾಗುತ್ತದೆ. ಮೊದಲ ಪ್ಯಾರಾದಲ್ಲಿ ಒಮ್ಮೆ ‘ಮೊದಲಿನ ಗುಲ್ಬರ್ಗಾ’ ಎಂದು ಬಿಟ್ಟಿದ್ದೇನೆ.

ಹುಡುಕುವಾಗ ಇನ್ನೊಂದು ಸೂಕ್ಷ್ಮ. ‘ಹೈದರಾಬಾದ್’ ಎಂಬಲ್ಲಿ ಅರ್ಧಾಕ್ಷರದ ಬೆನ್ನಿಗೆ ಕೆಲವು ಕೀಬೋರ್ಡ್‌ಗಳು ಕಣ್ಣಿಗೆ ಕಾಣದ ಒಂದು ಗುರುತು ಸೇರಿಸುತ್ತವೆ. ನೋಡಲು ಎರಡೂ ಒಂದೇ, ಹುಡುಕಿದರೆ ಒಂದು ಸಿಗುತ್ತದೆ, ಇನ್ನೊಂದು ಸಿಗದು. ‘ಹೈದರಾಬಾ’ ಎಂದಷ್ಟೇ ಕೊಟ್ಟು ಹುಡುಕಿ, ಎರಡೂ ಬರುತ್ತವೆ. ‘ಗುಲ್ಬರ್ಗಾ’, ‘ಗುಲಬರ್ಗಾ’, ‘ಕಲಬುರ್ಗಿ’ ಮೂರನ್ನೂ ಬೇರೆಬೇರೆಯಾಗಿಯೇ ಹುಡುಕಬೇಕು.

ತಾರೀಖಿನ ಬಗ್ಗೆ ಒಂದು ಮಾತು. ಒಳಗೆ ಏನೂ ತಿದ್ದದೇ ತಾರೀಖು ಮಾತ್ರ ಹೊಸದು ಮಾಡುವವರಿದ್ದಾರೆ. ಗೂಗಲ್ಲಿನ ಮಾರ್ಗಸೂಚಿಯೇ ಇದನ್ನು ಬೇಡವೆನ್ನುತ್ತದೆ. ಅದಕ್ಕಿಂತ ಹೆಚ್ಚಾಗಿ, ಹೊಸ ತಾರೀಖು ನೋಡಿ ನಂಬಿದವರಿಗೆ ಹಳೇ ವೇಳಾಪಟ್ಟಿ ಕೊಡುವುದು ಮೋಸ.

ಕೂಡಿಸುವುದು, ಒಂದು ಪೂರ್ತಿ ಉದಾಹರಣೆ

ನಾಲ್ಕರಲ್ಲಿ ಅತಿ ದುಬಾರಿಯಾದದ್ದು, ನನ್ನ ಅನುಭವದಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದೂ ಇದೇ. ಒಂದು ಗುಂಪಿಗೆ ಅರ್ಧ ದಿನ ಬೇಕು.

ಒಂದೇ ಪ್ರಶ್ನೆಗೆ ನಮ್ಮಲ್ಲಿ ಎರಡು ಮೂರು ಉತ್ತರಗಳಿವೆ ಎಂದು ಹೇಗೆ ತಿಳಿಯುವುದು? ಕನ್ಸೋಲಿನಲ್ಲಿ ಒಂದು ಹುಡುಕಾಟದ ಮಾತನ್ನು ಆರಿಸಿ, ಪುಟಗಳ ಪಟ್ಟಿಗೆ ಹೋಗಿ. ಒಂದಕ್ಕಿಂತ ಹೆಚ್ಚು ವಿಳಾಸ ಕಂಡು, ಕ್ಲಿಕ್ ಅವುಗಳ ನಡುವೆ ಹಂಚಿಹೋಗಿದ್ದರೆ ನಮ್ಮ ಬರಹಗಳೇ ಒಂದಕ್ಕೊಂದು ಅಡ್ಡ ನಿಂತಿವೆ. ವರ್ಡ್‌ಪ್ರೆಸ್ಸಿನಲ್ಲಿ ಕನ್ನಡದಲ್ಲೇ ವಿಳಾಸ ಇಟ್ಟವರಿಗೆ ಇನ್ನೊಂದು ಸುಳಿವಿದೆ. ಅಲ್ಲಿ ವಿಳಾಸಕ್ಕೆ 200 ಅಕ್ಷರಗಳ ಮಿತಿ. ಕನ್ನಡದ ಒಂದೊಂದು ಅಕ್ಷರ, ಸ್ವರಚಿಹ್ನೆ, ಒತ್ತು ಎಲ್ಲವೂ ಸಂಕೇತವಾದಾಗ ಒಂಬತ್ತೊಂಬತ್ತು ಜಾಗ ತಿನ್ನುತ್ತವೆ, ಹಾಗಾಗಿ ತಲೆಬರಹದ ಮೊದಲ 22 ಚಿಹ್ನೆಗಳ ಸುಮಾರಿಗೆ ವಿಳಾಸ ತುಂಡಾಗುತ್ತದೆ. ಒಂದೇ ರೀತಿ ಶುರುವಾಗುವ ಎರಡನೇ ಬರಹದ ಕೊನೆಗೆ `-2` ಸೇರುತ್ತದೆ. ನನ್ನ ಶೀಟಿನಲ್ಲಿ `-2`, `-3` ಇದ್ದ ಸಾಲುಗಳನ್ನು ತೆಗೆದಾಗಲೇ ಅರ್ಧ ಗುಂಪುಗಳು ಸಿಕ್ಕವು.

ಕಲಬುರಗಿಯಿಂದ ಬೀದರಿಗೆ ಹೋಗುವ ಬಗ್ಗೆ ನಾಲ್ಕು ಬರಹಗಳಿದ್ದವು. 2013ರದ್ದು ಹುಮನಾಬಾದ್ ಮಾರ್ಗದ ಬಸ್ಸುಗಳ ಬಗ್ಗೆ. ರೈಲಿನಲ್ಲಿ ಹೋಗಬೇಕಾದರೆ ವಾಡಿ, ತಾಂಡೂರು ದಾಟಿ ವಿಕಾರಾಬಾದ್ ಸುತ್ತಿ ಬರಬೇಕು ಎಂದೂ ಅದರಲ್ಲಿತ್ತು, ಆಗ ಅದು ನಿಜವೇ. ಅದಕ್ಕೆ 16 ತಿಂಗಳಲ್ಲಿ 1,140 ಕ್ಲಿಕ್, ಹೊರಗಿನಿಂದ ಆರು ಲಿಂಕ್. 2017ರ ಉದ್ಘಾಟನೆ ವರದಿಗೆ 22 ಕ್ಲಿಕ್. 2019ರ ರೈಲು ವೇಳಾಪಟ್ಟಿಗೆ 2,310 ಕ್ಲಿಕ್, ಹೊರಗಿನ ಲಿಂಕ್ ಒಂದೂ ಇಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಬರೆದ, ಈ ಮಾರ್ಗದಲ್ಲಿ ಹೆಣ್ಣುಮಕ್ಕಳಿಗೆ ಯಾವ ಬಸ್ಸು ಉಚಿತ ಎಂಬ ಬರಹಕ್ಕೆ 190.

ವರದಿ ದಾಖಲೆ, ಅದು ಹೊರಗುಳಿಯಿತು. ಉಳಿದ ಮೂರೂ ‘ಬೀದರಿಗೆ ಹೆಂಗ ಹೋಗೋದು’ ಎಂಬ ಒಂದೇ ಪ್ರಶ್ನೆಗೆ ಚೂರುಚೂರು ಉತ್ತರ. ಯಾವ ವಿಳಾಸದಲ್ಲಿ ಕೂಡಿಸಬೇಕು? ಲಿಂಕ್ ಇರುವ 2013ರದ್ದೋ, ಕ್ಲಿಕ್ ಇರುವ 2019ರದ್ದೋ? ನಾನು 2019ರದ್ದನ್ನು ಆರಿಸಿದೆ. ಹಳೇ ವಿಳಾಸಕ್ಕೆ ಬಂದವರನ್ನು ತಾನಾಗಿ ಹೊಸದಕ್ಕೆ ಕಳಿಸುವ ಶಾಶ್ವತ ರೀಡೈರೆಕ್ಟ್ ಹಾಕಿದರೆ ಲಿಂಕುಗಳ ಬಲ ಹೊಸದಕ್ಕೆ ದಾಟುತ್ತದೆ. ಜನ ಈಗಾಗಲೇ ಬರುತ್ತಿರುವ ಪುಟವನ್ನು ಕದಲಿಸುವುದರಲ್ಲಿ ಅಪಾಯ ಹೆಚ್ಚು. ವಿಳಾಸದಲ್ಲಿ ‘ಟ್ರೇನ್ ಟೈಮ್’ ಎಂದಿತ್ತು, ಬಸ್ಸನ್ನೂ ಸೇರಿಸಿದ ಮೇಲೆ ಅದು ಪೂರ್ತಿ ಒಪ್ಪದು. ಆದರೂ ಬದಲಿಸಲಿಲ್ಲ. ತಲೆಬರಹ ಬದಲಿಸಿದರೆ ಸಾಕು.

ಬರೆಯುವ ಮೊದಲು ಮೂರನ್ನೂ ಕಾಗದದ ಮೇಲೆ ಮುದ್ರಿಸಿಕೊಂಡು, ಬೇರೆ ಎರಡರಲ್ಲಿ ಇಲ್ಲದ ಮಾತುಗಳಿಗೆ ಮಾತ್ರ ಪೆನ್ಸಿಲಿನಲ್ಲಿ ಗೆರೆ ಎಳೆದೆ. 2013ರದ್ದರಲ್ಲಿ ಹುಮನಾಬಾದ್ ಮಾರ್ಗದ ವಿವರ. 2023ರದ್ದರಲ್ಲಿ ಯೋಜನೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಿಗೆ ಮಾತ್ರ, ಐಷಾರಾಮಿ ಬಸ್ಸಿಗಿಲ್ಲ, ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಪಡೆಯಬೇಕು ಎಂಬುದು. ಅದರಲ್ಲೇ ಇದ್ದ ಇನ್ನೊಂದು ಮಾತು ಬಹಳ ಬೇಕಾದದ್ದು: ಕಲಬುರಗಿ-ಬೀದರ್ ದಾರಿ ಪೂರ್ತಿ ರಾಜ್ಯದೊಳಗೇ ಇದೆ, ಆದರೆ ಬೀದರಿನಿಂದ ಮುಂದೆ ಹೈದರಾಬಾದಿಗೆ ಹೋಗುವ ಅಂತರರಾಜ್ಯ ಬಸ್ಸಿಗೆ ಈ ಸೌಲಭ್ಯ ಇಲ್ಲ. ಗೆರೆ ಎಳೆದದ್ದೆಲ್ಲ ಹೊಸ ಪುಟಕ್ಕೆ ಬಂತು, ಉಳಿದದ್ದು ಬಿಟ್ಟೆ. ಮೂರನ್ನೂ ಸುಮ್ಮನೆ ಒಂದರ ಕೆಳಗೊಂದು ಅಂಟಿಸಿದರೆ ಕೂಡಿಸಿದಂತಾಗುವುದಿಲ್ಲ.

ಮುಖ್ಯವಾದ ತೀರ್ಮಾನ ಇನ್ನೊಂದು. ಗಾಡಿಗಳ ಗಂಟೆ ನಿಮಿಷವನ್ನು ಪುಟದಿಂದಲೇ ತೆಗೆದೆ. ಸ್ಟೇಷನ್ನಿನಿಂದ ಬಂದ ಆ ಫೋನಿಗೆ ಕಾರಣ ಅದೇ ಅಲ್ಲವೇ. ಯಾವ ದಾರಿ ಯಾರಿಗೆ ಅನುಕೂಲ ಎಂಬುದು ನಾನು ಹೇಳಬಲ್ಲ ಮಾತು, ವರ್ಷಗಟ್ಟಲೆ ಹಳಸದು. ಇವತ್ತಿನ ವೇಳೆಗೆ ರೈಲ್ವೆಯ 139 ಸಂಖ್ಯೆಗೆ ಕೇಳಿ ಎಂದು ಬರೆದೆ. ಇದರಿಂದ ವರ್ಷಕ್ಕೆ ಎರಡು ಮೂರು ಸಲ ತಿದ್ದುವ ಕೆಲಸ ತಪ್ಪಿತು.

ನಂತರ ರೀಡೈರೆಕ್ಟ್. ಅಪಾಚೆ ಸರ್ವರ್ ಇದ್ದವರು `.htaccess` ಕಡತದಲ್ಲಿ ಹೀಗೆ ಬರೆಯಬಹುದು:

```
Redirect 301 /gulbarga-bidar-bus /kalaburagi-bidar-train-time
Redirect 301 /shakti-bidar /kalaburagi-bidar-train-time
Redirect gone /hallticket-2014
```

301 ಎಂದರೆ ಶಾಶ್ವತವಾಗಿ ಸ್ಥಳ ಬದಲಾಗಿದೆ ಎಂದರ್ಥ. ಕೊನೆಯ ಸಾಲು ‘ಇದು ಹೋಯಿತು, ಮತ್ತೆ ಬರುವುದಿಲ್ಲ’ ಎಂಬ 410 ಉತ್ತರ ಕೊಡುತ್ತದೆ. ಹಳೇ ವಿಳಾಸ ಕನ್ನಡದಲ್ಲಿದ್ದರೆ ಇಲ್ಲಿ `%E0%B2` ಎಂದು ಶುರುವಾಗುವ ಸಂಕೇತ ಅಂಟಿಸಬೇಡಿ. ಸರ್ವರ್ ಅದನ್ನು ಬಿಡಿಸಿದ ಮೇಲೆ ಹೋಲಿಸುವುದರಿಂದ ಹೊಂದಿಕೆಯಾಗದು. ಕನ್ನಡ ಅಕ್ಷರಗಳನ್ನೇ ಬರೆದು ಕಡತವನ್ನು ಯುಟಿಎಫ್-8ರಲ್ಲಿ ಉಳಿಸಿ. ವಿಳಾಸ ತುಂಡಾಗಿದ್ದರೆ ತುಂಡಾದದ್ದನ್ನೇ ಬರೆಯಬೇಕು. ಇದು ತೊಡಕೆನಿಸಿದರೆ ರೀಡೈರೆಕ್ಟ್ ಪ್ಲಗಿನ್ ಬಳಸಿ, ಆದರೆ ಹಾಕಿದ ಮೇಲೆ ಪ್ರತಿ ಹಳೇ ವಿಳಾಸವನ್ನೂ ತೆರೆದು ನೋಡಿ. ನಮ್ಮದೇ ಬೇರೆ ಬರಹಗಳಲ್ಲಿ ಹಳೇ ವಿಳಾಸಕ್ಕೆ ಕೊಟ್ಟ ಲಿಂಕುಗಳನ್ನೂ ನೇರ ಹೊಸದಕ್ಕೆ ತಿದ್ದಿ. ಒಂದರಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಸರಪಳಿ ಬೆಳೆಯಲು ಬಿಡಬೇಡಿ. ರೀಡೈರೆಕ್ಟನ್ನು ಕನಿಷ್ಠ ಒಂದು ವರ್ಷ ತೆಗೆಯಬಾರದು ಎನ್ನುತ್ತದೆ ಗೂಗಲ್. ನಾನಂತೂ ತೆಗೆಯುವುದೇ ಇಲ್ಲ.

ಮೊದಲ ಮೂರು ವಾರ ಕ್ಲಿಕ್ ಇಳಿದವು. ಎದೆ ಒಡೆದುಕೊಳ್ಳಬೇಡಿ, ಗೂಗಲ್ ಹಳೇ ವಿಳಾಸಗಳಿಗೆ ಮತ್ತೆ ಬಂದು ನೋಡಿ ಹೋಗುವವರೆಗೆ ಹೀಗಾಗುವುದುಂಟು. ಎರಡು ತಿಂಗಳಾದ ಮೇಲೆ ಮೂರೂ ಸೇರಿ ಬರುತ್ತಿದ್ದಷ್ಟು ಒಂದಕ್ಕೇ ಬರತೊಡಗಿತು, ನಂತರ ಅದನ್ನೂ ದಾಟಿತು. ಮೂರು ತಿಂಗಳಾದರೂ ಏರದಿದ್ದರೆ ಏನೋ ತಪ್ಪಾಗಿದೆ. ಹಳೇ ವಿಳಾಸವನ್ನು ಕನ್ಸೋಲಿನ ಯುಆರ್‌ಎಲ್ ಇನ್‌ಸ್ಪೆಕ್ಷನ್‌ನಲ್ಲಿ ಹಾಕಿದರೆ ಗೂಗಲ್ಲಿಗೆ ಅದು ಎಲ್ಲಿಗೆ ಹೋದಂತೆ ಕಾಣುತ್ತಿದೆ ಎಂದು ತಿಳಿಯುತ್ತದೆ.

ತೆಗೆದು ಹಾಕುವುದು

ಕೈಗೆ ಅತಿ ಸುಲಭ, ವಾಪಸ್ ತರಲು ಅತಿ ಕಷ್ಟ. ಹಳೇದಾಯಿತು ಎಂಬ ಒಂದೇ ಕಾರಣಕ್ಕೆ ತೆಗೆದರೆ ಉಳಿದ ಪುಟಗಳು ಮೇಲೇರುತ್ತವೆ ಎಂದು ನಂಬಿದವರು ಬಹಳ. ಗೂಗಲ್ಲಿನವರೇ 2023ರಲ್ಲಿ ಹಾಗೇನೂ ಇಲ್ಲ ಎಂದು ಬಹಿರಂಗವಾಗಿ ಹೇಳಿದ್ದಾರೆ.

ನಾನು ತೆಗೆದವು ಐವತ್ತೆರಡು. 2014ರ ಹಾಲ್ ಟಿಕೆಟ್ ಲಿಂಕುಗಳು, ಅವಧಿ ಮುಗಿದ ನೌಕರಿ ಪ್ರಕಟಣೆಗಳು, ಎರಡು ಸಾಲಿನ ಹಬ್ಬದ ಶುಭಾಶಯಗಳು. ದಾರಿಯೂ ಅಲ್ಲ, ದಾಖಲೆಯೂ ಅಲ್ಲ, ಯಾರೂ ಲಿಂಕ್ ಕೊಟ್ಟಿಲ್ಲ. ಈ ಮೂರೂ ಕೂಡಿ ಬಂದರೆ ಮಾತ್ರ ತೆಗೆಯಿರಿ.

ಮೊದಲೊಮ್ಮೆ, 2018ರಲ್ಲಿ, ಲೆಕ್ಕವಿಲ್ಲದೇ ಅಳಿಸಿ ಪೆಟ್ಟು ತಿಂದಿದ್ದೇನೆ. ಯಾದಗಿರಿ ಕಡೆಯ ಹಳ್ಳಿಗಳ ಹೆಸರು ಹೇಗೆ ಬಂದವು ಎಂದು ಹಿರಿಯರಿಂದ ಕೇಳಿ ಬರೆದ ಪುಟ ಆ ರಾಶಿಯಲ್ಲಿ ಹೋಯಿತು. ಮರುವರ್ಷ ಒಬ್ಬ ವಿದ್ಯಾರ್ಥಿನಿ ಫೋನ್ ಮಾಡಿ, “ಅಣ್ಣಾ, ನನ್ನ ಪ್ರಬಂಧದಾಗ ನಿಮ್ಮ ಲಿಂಕ್ ಕೊಟ್ಟೀನ್ರಿ, ಗೈಡ್ ತೆಗದ್ರ ಪುಟಾನೇ ಬರವಲ್ದು” ಎಂದಳು. ನನ್ನ ಬಳಿ ಪ್ರತಿ ಇರಲಿಲ್ಲ. ಹಳೇ ಜಾಲಪುಟಗಳ ಪ್ರತಿ ಕಾಪಿಡುವ ವೇಬ್ಯಾಕ್ ಮಷೀನಿನಲ್ಲಿ ಹುಡುಕಿದಾಗ ಪುಣ್ಯಕ್ಕೆ ಒಂದು ಪ್ರತಿ ಸಿಕ್ಕಿತು, ಫೋಟೋಗಳು ಸಿಗಲಿಲ್ಲ. ಈಗ ಅಳಿಸುವ ಮೊದಲು ಬರಹ, ಫೋಟೋ ಎರಡನ್ನೂ ಬೇರೆ ಡಿಸ್ಕಿನಲ್ಲಿ ಇಡುತ್ತೇನೆ, ಕನ್ಸೋಲಿನ ಲಿಂಕ್ಸ್ ವರದಿಯನ್ನೂ ನೋಡುತ್ತೇನೆ.

ತೆಗೆದ ಪುಟಗಳನ್ನೆಲ್ಲ ಮುಖಪುಟಕ್ಕೆ ತಿರುಗಿಸುವ ರೂಢಿಯೊಂದಿದೆ. ಅದರಿಂದ ಲಾಭವಿಲ್ಲ, ಗೂಗಲ್ ಅದನ್ನು ಇಲ್ಲದ ಪುಟವೆಂದೇ ಎಣಿಸುತ್ತದೆ. ಹತ್ತಿರದ ವಿಷಯದ ಪುಟ ಇದ್ದರೆ ಅಲ್ಲಿಗೆ ತಿರುಗಿಸಿ, ಇಲ್ಲದಿದ್ದರೆ ‘ಪುಟ ಸಿಗಲಿಲ್ಲ’ ಎನ್ನುವ 404 ಅಥವಾ 410 ಬರಲಿ. ಇಡಲೂ ಮನಸ್ಸಿಲ್ಲ, ತೆಗೆಯಲೂ ಧೈರ್ಯವಿಲ್ಲ ಎನ್ನುವವಕ್ಕೆ ನಡುದಾರಿ ಇದೆ: `noindex` ಹಾಕಿದರೆ ಪುಟ ಇರುತ್ತದೆ, ಲಿಂಕ್ ಇದ್ದವರಿಗೆ ತೆರೆಯುತ್ತದೆ, ಹುಡುಕಾಟದಲ್ಲಿ ಮಾತ್ರ ಬರುವುದಿಲ್ಲ.

ನಿಮ್ಮ ಕೈಯಲ್ಲಿ ಎಷ್ಟು ಹೊತ್ತಿದೆ

ಭಾನುವಾರ ಸಂಜೆ ಎರಡು ಗಂಟೆ ಮಾತ್ರ ಸಿಗುವ ಒಬ್ಬಂಟಿ ಬರಹಗಾರರು ಎಲ್ಲವನ್ನೂ ತೆರೆಯುವ ಗೋಜಿಗೆ ಹೋಗಬೇಡಿ. ಹೆಚ್ಚು ಕ್ಲಿಕ್ ಇರುವ ಮೊದಲ ಇಪ್ಪತ್ತನ್ನು ತಿದ್ದಿ, ಏಕೆಂದರೆ ತಪ್ಪು ಮಾಹಿತಿ ಹೆಚ್ಚು ಜನರಿಗೆ ತಲುಪುತ್ತಿರುವುದು ಅಲ್ಲಿಂದಲೇ. ಆಮೇಲೆ ಒಂದೊಂದು ಗುಂಪು ಕೂಡಿಸಿ. ಅಳಿಸುವುದನ್ನು ಕೊನೆಗಿಡಿ, ಆಗದಿದ್ದರೂ ನಷ್ಟವಿಲ್ಲ.

ಸ್ವಲ್ಪ ಹಣವಿದ್ದು ಸಹಾಯಕ್ಕೆ ಒಬ್ಬರನ್ನು ಇಟ್ಟುಕೊಳ್ಳಬಹುದಾದರೆ, ಶೀಟ್ ತುಂಬುವುದು, ಮುರಿದ ಲಿಂಕ್ ಗುರುತಿಸುವುದು, ನುಡಿಯಿಂದ ಯೂನಿಕೋಡಿಗೆ ತರುವುದನ್ನು ಅವರಿಗೆ ಬಿಡಿ. ಸ್ಕ್ರೀಮಿಂಗ್ ಫ್ರಾಗ್ ಎಂಬ ತಂತ್ರಾಂಶ 500 ವಿಳಾಸಗಳವರೆಗೆ ಉಚಿತವಾಗಿ ತಾಣವನ್ನು ಸುತ್ತಿ ಪಟ್ಟಿ ಕೊಡುತ್ತದೆ, ಚಿಕ್ಕ ತಾಣಕ್ಕೆ ಅಷ್ಟು ಸಾಕು. ದಾರಿಯೋ ದಾಖಲೆಯೋ ಎಂಬ ಕಾಲಂ ಮಾತ್ರ ಬರೆದವರೇ ತುಂಬಬೇಕು. ಸುದ್ದಿ ತಾಣ ನಡೆಸುವವರದು ಬೇರೆ ಲೆಕ್ಕ. ಅಲ್ಲಿ ಬಹುತೇಕ ಎಲ್ಲವೂ ದಾಖಲೆಯೇ. ತಪ್ಪಿದ್ದರೆ ತಿದ್ದುಪಡಿ ಟಿಪ್ಪಣಿ ಹಾಕಿ, ಅಳಿಸಬೇಡಿ.

ಕೊನೆಗೆ ನನ್ನ 412ರಲ್ಲಿ ಹಾಗೇ ಉಳಿದವು 231, ತಿದ್ದಿದವು 68, ಒಂದರೊಳಗೊಂದು ಕೂಡಿಹೋದವು 61, ತೆಗೆದವು 52. ಕೆಲಸ ಮುಗಿಯಲು ಏಳು ತಿಂಗಳು ಹಿಡಿಯಿತು. ಶೀಟಿಗೆ ಈಗ ಇನ್ನೊಂದು ಕಾಲಂ ಸೇರಿಸಿದ್ದೇನೆ, ಮತ್ತೆ ಯಾವ ತಿಂಗಳು ನೋಡಬೇಕು ಎಂದು. ಜಾತ್ರೆಯ ಬರಹಗಳ ಮುಂದೆ ಫೆಬ್ರವರಿ, ಯೋಜನೆಗಳ ಮುಂದೆ ರಾಜ್ಯ ಬಜೆಟ್ ಆದ ಮರುತಿಂಗಳು, ತೊಗರಿಯ ಮುಂದೆ ರಾಶಿ ಶುರುವಾಗುವ ಮೊದಲಿನ ನವೆಂಬರ್. ಬಿದರಿಯ ಆ ಸಂದರ್ಶನದ ಸಾಲಿನಲ್ಲಿ ಆ ಕಾಲಂ ಖಾಲಿ ಬಿಟ್ಟಿದ್ದೇನೆ.